ಎರಡು ಪುಟದ ಮೆಸೇಜು, ಆರು ವರ್ಷದ ಸ್ನೇಹ

ಪ್ರಶ್ನೆ: ನನಗೆ 26 ವರ್ಷ. ಊರು ಶಿವಮೊಗ್ಗ, ಕೆಲಸ ಬೆಂಗಳೂರಿನಲ್ಲಿ. ಇಂಜಿನಿಯರಿಂಗ್ ಓದುವಾಗ ಪರಿಚಯವಾದ ಒಬ್ಬ ಗೆಳೆಯ ಈಗ ಹುಬ್ಬಳ್ಳಿಯಲ್ಲಿದ್ದಾನೆ. ಆರು ವರ್ಷದ ಸ್ನೇಹ, ದಿನಾ ರಾತ್ರಿ ವಾಟ್ಸಾಪ್‌ನಲ್ಲಿ ಮಾತು. ಏಳೆಂಟು ತಿಂಗಳಿಂದ ಇದು ಬರೀ ಸ್ನೇಹವಲ್ಲ ಅನ್ನಿಸುತ್ತಿದೆ. ಇತ್ತ ಮನೆಯಲ್ಲಿ ಗಂಡು ನೋಡಲು ಶುರು ಮಾಡಿದ್ದಾರೆ. ಎದುರಿಗೆ ಹೇಳುವ ಧೈರ್ಯವಿಲ್ಲದೆ ಎರಡು ಪುಟದಷ್ಟು ಮೆಸೇಜ್ ಬರೆದಿಟ್ಟಿದ್ದೇನೆ, ಮೂರು ಸಲ ಕಳಿಸಲು ಹೋಗಿ ಬಿಟ್ಟಿದ್ದೇನೆ. ನಮ್ಮದು ಐದು ಜನರ ಗುಂಪು. ಅದೂ ಒಡೆದುಹೋದೀತೆಂಬ ಭಯ. ಸ್ನೇಹ ಕಳೆದುಕೊಳ್ಳದೆ ಹೇಳುವುದು ಹೇಗೆ? ಹುಡುಗಿಯೇ ಮೊದಲು ಹೇಳಿದರೆ ಹಗುರವಾಗಿಬಿಡುತ್ತೇನೆಯೇ? ಬರೆದ ಮೆಸೇಜನ್ನೂ ಇದರ ಜೊತೆ ಕಳಿಸಿದ್ದೇನೆ.

ಉತ್ತರ: ಅಪಾಯವೇ ಇಲ್ಲದೆ ಹೇಳುವ ದಾರಿ ಇಲ್ಲ. ಆದರೆ ಅಪಾಯ ಎಲ್ಲಿದೆ ಎಂದು ನೀವು ಊಹಿಸಿದ್ದೀರೋ ಅಲ್ಲಿ ಅದು ಹೆಚ್ಚಾಗಿ ಇರುವುದಿಲ್ಲ. ಆಪ್ತಸಮಾಲೋಚನೆಯ ಕೆಲಸದಲ್ಲಿ ಇಂಥ ಸ್ನೇಹಗಳು ಮುರಿದ ನಂತರ ನನ್ನ ಮುಂದೆ ಕುಳಿತವರನ್ನು ಕೇಳಿದ್ದೇನೆ. ಹೇಳಿದ ಮಾತಿನಿಂದಲೇ ಸ್ನೇಹ ಹೋಯಿತು ಎನ್ನುವವರು ಕಡಿಮೆ. ಹೇಳಿದ ಮುಂದಿನ ನಾಲ್ಕಾರು ವಾರಗಳಲ್ಲಿ ಒಬ್ಬರು ಕಾಯುತ್ತಾ, ಇನ್ನೊಬ್ಬರು ತಪ್ಪಿಸಿಕೊಳ್ಳುತ್ತಾ, ಇಬ್ಬರೂ ಏನೂ ಆಗಿಲ್ಲವೆಂಬಂತೆ ನಟಿಸುತ್ತಾ ಹೋದದ್ದರಿಂದ ಹೋಯಿತು ಎನ್ನುವವರೇ ಹೆಚ್ಚು. ಆದ್ದರಿಂದ ನಿಮ್ಮ ಮೆಸೇಜು ಅವರ ಮನಸ್ಸನ್ನು ಎಷ್ಟು ಗೆಲ್ಲುತ್ತದೆ ಎಂದು ನಾನು ನೋಡುವುದಿಲ್ಲ. ಅವರಿಗೆ ನಿಮ್ಮ ಮೇಲೆ ಅಂಥ ಭಾವನೆ ಇಲ್ಲದಿದ್ದರೆ, ‘ಇಲ್ಲ’ ಎನ್ನುವುದನ್ನು ಆ ಮೆಸೇಜು ಎಷ್ಟು ಸುಲಭ ಮಾಡಿಕೊಡುತ್ತದೆ ಎಂದಷ್ಟೇ ನೋಡುತ್ತೇನೆ.

ಈ ಮಾತು ವಿಚಿತ್ರವಾಗಿ ಕಂಡೀತು. ‘ಹೌದು’ ಎನ್ನಿಸಿಕೊಳ್ಳಲು ಹೊರಟವರು ‘ಇಲ್ಲ’ಕ್ಕೆ ಏಕೆ ಜಾಗ ಮಾಡಬೇಕು? ಪ್ರೀತಿ ಹೇಳಿಕೊಂಡವರ ನೋವು ನಮಗೆಲ್ಲ ಪರಿಚಿತ, ಕೇಳಿಸಿಕೊಂಡವರ ನೋವಿನ ಬಗ್ಗೆ ಮಾತ್ರ ಯಾರೂ ಯೋಚಿಸುವುದಿಲ್ಲ. ಮನೋವಿಜ್ಞಾನಿ ರಾಯ್ ಬೌಮೈಸ್ಟರ್ ಮತ್ತು ಸಹೋದ್ಯೋಗಿಗಳು 1993ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಏಕಪಕ್ಷೀಯ ಪ್ರೀತಿಯ ಎರಡೂ ಬದಿಯ ಅನುಭವಗಳನ್ನು ಬರೆಸಿ ಹೋಲಿಸಿದರು. ಪ್ರೀತಿಸಿದವರ ನೆನಪಿನಲ್ಲಿ ನೋವಿನ ಜೊತೆ ಒಂದಿಷ್ಟು ಸಿಹಿಯೂ ಉಳಿದಿತ್ತು. ನಿರಾಕರಿಸಿದವರ ನೆನಪಿನಲ್ಲಿ ತಪ್ಪಿತಸ್ಥ ಭಾವ, ಕಿರಿಕಿರಿ, ಏನು ಹೇಳಬೇಕೆಂದೇ ತೋಚದ ಗೊಂದಲ ಹೆಚ್ಚಾಗಿದ್ದವು. ಪ್ರೀತಿಸಿದವರು ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ಕಥೆಗಳಲ್ಲಿ, ಹಾಡುಗಳಲ್ಲಿ ನೂರು ಮಾದರಿಗಳಿವೆ. ಒಳ್ಳೆಯ ಗೆಳತಿಗೆ ‘ಬೇಡ’ ಎನ್ನುವುದು ಹೇಗೆಂಬುದಕ್ಕೆ ಒಂದೂ ಇಲ್ಲ. ಮಾದರಿ ಇಲ್ಲದ ಮನುಷ್ಯ ಮಾಡುವುದು ಒಂದೇ: ಉತ್ತರ ಕೊಡದೆ ಮುಂದೂಡುವುದು, ನಂತರ ನಿಮ್ಮಿಂದಲೇ ದೂರವಾಗುವುದು. ನೀವು ಹೆದರುತ್ತಿರುವ ಸ್ನೇಹಭಂಗ ಸಾಮಾನ್ಯವಾಗಿ ಹೀಗೇ ಆರಂಭವಾಗುತ್ತದೆ.

ಹೇಳದೆ ಇದ್ದುಬಿಟ್ಟರೆ ಸ್ನೇಹ ಸುರಕ್ಷಿತ ಎಂದೂ ತಿಳಿಯಬೇಡಿ. ಏಳೆಂಟು ತಿಂಗಳಿಂದ ಒಳಗಿಟ್ಟುಕೊಂಡ ಭಾವನೆ ನಿಮಗರಿವಿಲ್ಲದೆಯೇ ಲೆಕ್ಕ ಇಡಲು ತೊಡಗುತ್ತದೆ. ಅವರು ಎಷ್ಟು ಹೊತ್ತಿಗೆ ಉತ್ತರಿಸಿದರು, ಆನ್‌ಲೈನ್ ಇದ್ದೂ ನನ್ನ ಮೆಸೇಜ್ ಏಕೆ ನೋಡಲಿಲ್ಲ, ಕಚೇರಿಯ ಆ ಹುಡುಗಿಯ ಹೆಸರು ಈ ವಾರ ಎಷ್ಟು ಸಲ ಬಂತು ಎಂಬ ಲೆಕ್ಕ ಅದು. ನಿಮ್ಮ ಪತ್ರದಲ್ಲಿಯೇ ಒಂದು ಸಾಲಿದೆ: ‘ಮೊನ್ನೆ ಅವನು ಗುಡ್ ನೈಟ್ ಹೇಳದೆ ಮಲಗಿದ್ದಕ್ಕೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.’ ಏಕೆ ಮಾತಾಡಲಿಲ್ಲವೆಂಬುದು ಅವರಿಗೆ ಗೊತ್ತಾಗಿರಲು ಸಾಧ್ಯವಿಲ್ಲ. ತನಗೆ ಗೊತ್ತಿಲ್ಲದ ಕಾನೂನಿನಡಿ ದಂಡ ಕಟ್ಟುತ್ತಿರುವ ಗೆಳೆಯ ಎಷ್ಟು ದಿನ ತಾಳಿಯಾನು? ಹೇಳುವ ಕಾಲ ಬಂದಿದೆ ಎಂದು ನನಗೆ ಅನ್ನಿಸಿದ್ದು ಆ ಒಂದು ಸಾಲಿನಿಂದ.

ಹುಡುಗಿ ಮೊದಲು ಹೇಳಿದರೆ ಹಗುರವಾಗುತ್ತಾಳೆ ಎನ್ನುವುದು, ಹೇಳಿಸಿಕೊಳ್ಳುವ ಹುಡುಗನ ಗುಣದ ಬಗೆಗಿನ ಮಾತೇ ಹೊರತು ಹುಡುಗಿಯ ಬಗೆಗಿನದಲ್ಲ. ಆರು ವರ್ಷ ನೋಡಿದ ಮೇಲೂ, ನಿಮ್ಮ ಮಾತನ್ನು ಹಿಡಿದು ನಿಮ್ಮನ್ನು ಅಗ್ಗವಾಗಿ ಕಂಡಾರು ಎಂಬ ಶಂಕೆ ನಿಜವಾಗಿ ಇದ್ದರೆ, ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಸ್ನೇಹದಿಂದ ಪ್ರೀತಿಗೆ ದಾಟುವುದು ಅಪರೂಪವೂ ಅಲ್ಲ. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಡಾನು ಆಂಥನಿ ಸ್ಟಿನ್ಸನ್ ಅವರ ತಂಡ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಪ್ರಶ್ನಿಸಲ್ಪಟ್ಟವರಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ಮಂದಿ ತಮ್ಮ ಸಂಬಂಧ ಸ್ನೇಹದಿಂದಲೇ ಆರಂಭವಾಯಿತೆಂದು ಹೇಳಿದ್ದರು. ಆದರೆ ಇದನ್ನು ಓದಿ ‘ನನಗೂ ಮೂರರಲ್ಲಿ ಎರಡು ಅವಕಾಶ’ ಎಂದು ಲೆಕ್ಕ ಹಾಕಬೇಡಿ. ಅಲ್ಲಿ ಎಣಿಸಿದ್ದು ಸಂಬಂಧವಾಗಿ ಕೂಡಿಬಂದವರನ್ನು; ಹೇಳಿ ‘ಇಲ್ಲ’ ಎನ್ನಿಸಿಕೊಂಡವರು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಅದೂ ಅಲ್ಲದೆ ಅದು ಉತ್ತರ ಅಮೆರಿಕದ ಮಾತು. ನಮ್ಮಲ್ಲಿ ಪ್ರೀತಿಯ ಹಿಂದೆಯೇ ಎರಡು ಮನೆ, ಜಾತಿ, ಜಾತಕ ಎಲ್ಲವೂ ಬಂದು ಕುಳಿತುಕೊಳ್ಳುತ್ತವೆ.

ಎದುರಿಗೆ ಹೇಳದೆ ಮೆಸೇಜಿನಲ್ಲಿ ಹೇಳುವುದು ಹೇಡಿತನ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಎದುರಿಗೆ ಕುಳಿತಾಗ ನೀವು ಅವರ ಮುಖ ನೋಡುತ್ತಿರುತ್ತೀರಿ, ಅವರು ಆ ಕ್ಷಣದಲ್ಲೇ ಏನಾದರೂ ಹೇಳಬೇಕಾಗುತ್ತದೆ, ಹಾಗೆ ಬಂದ ಮಾತು ಬಹುಪಾಲು ದಾಕ್ಷಿಣ್ಯದ ಮಾತಾಗಿರುತ್ತದೆ. ಪ್ರಣಯದ ಬೇಡಿಕೆಯನ್ನು ನಿರಾಕರಿಸುವುದು ಎದುರಿನವರಿಗೆ ಎಷ್ಟು ಕಷ್ಟವೆಂಬುದನ್ನು ಬೇಡಿಕೆ ಇಡುವವರು ನಿಜಕ್ಕಿಂತ ಕಡಿಮೆ ಅಂದಾಜು ಮಾಡುತ್ತಾರೆಂದು ಕಾರ್ನೆಲ್ ವಿಶ್ವವಿದ್ಯಾಲಯದ ವನೆಸ್ಸಾ ಬೋನ್ಸ್ ಮತ್ತವರ ಸಹಲೇಖಕಿ ತೋರಿಸಿದ್ದಾರೆ. ಮೆಸೇಜು ಅವರಿಗೆ ಒಬ್ಬರೇ ಕುಳಿತು ಬೆರಗಾಗಲು, ಬೇಸರಪಡಲು, ನಂತರ ಯೋಚಿಸಲು ಸಮಯ ಕೊಡುತ್ತದೆ. ಹುಬ್ಬಳ್ಳಿ–ಬೆಂಗಳೂರಿನ ದೂರದಲ್ಲಿರುವ, ಅಲ್ಲದೆ ಆಪ್ತ ಮಾತೆಲ್ಲ ಮೊದಲಿನಿಂದಲೂ ಫೋನಿನಲ್ಲಿಯೇ ನಡೆದಿರುವ ನಿಮ್ಮಿಬ್ಬರಿಗೆ ಅದು ಸಹಜವಾದ ಜಾಗವೂ ಹೌದು.

ಮೆಸೇಜಿನ ನಿಜವಾದ ದೋಷ ಬೇರೆ: ಅದರಲ್ಲಿ ಧ್ವನಿ ಇರುವುದಿಲ್ಲ, ಆದರೆ ಬರೆಯುವವರಿಗೆ ಇದೆ ಎನ್ನಿಸುತ್ತದೆ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮುಂತಾದ ಮನೋವಿಜ್ಞಾನಿಗಳು 2005ರಲ್ಲಿ ಇದನ್ನು ಇಮೇಲಿನಲ್ಲಿ ಪರೀಕ್ಷಿಸಿದರು. ತಾವು ಬರೆದದ್ದು ವ್ಯಂಗ್ಯವೋ ಗಂಭೀರವೋ ಎಂಬುದು ಓದುಗರಿಗೆ ಶೇ. 78ರಷ್ಟು ಸಲ ತಿಳಿಯುತ್ತದೆಂದು ಬರೆದವರು ನಂಬಿದ್ದರು. ವಾಸ್ತವದಲ್ಲಿ ತಿಳಿದದ್ದು ಶೇ. 56ರಷ್ಟು ಸಲ, ಅಂದರೆ ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ತುಸು ಮೇಲು. ಬರೆಯುವಾಗ ನಿಮ್ಮ ತಲೆಯೊಳಗೆ ನಿಮ್ಮ ದನಿ ಓಡುತ್ತಿರುತ್ತದೆ, ಓದುವವರಿಗೆ ಕೇಳುವುದು ಅವರದೇ ಆ ಹೊತ್ತಿನ ದನಿ. ಆದ್ದರಿಂದಲೇ ಸುಳಿವು ಕೊಡುವ ಉಪಾಯವನ್ನು ನಾನು ಬೇಡ ಎನ್ನುವುದು. ಸ್ಟೇಟಸ್‌ಗೆ ಪ್ರೇಮಗೀತೆ ಹಾಕುವುದು, ‘ಯಾರೋ ಒಬ್ಬರು ಇಷ್ಟ ಆಗಿದ್ದಾರೆ, ಯಾರು ಹೇಳು’ ಎಂದು ಆಟವಾಡುವುದು, ಹೃದಯದ ಎಮೋಜಿ ಕಳಿಸಿ ‘ತಪ್ಪಿ ಒತ್ತಿಬಿಟ್ಟೆ’ ಎನ್ನುವುದು, ಇವುಗಳಿಂದ ಅವರಿಗೆ ಏನೂ ತಿಳಿಯುವುದಿಲ್ಲ, ಅಥವಾ ತಿಳಿದೂ ತಿಳಿಯದಂತೆ ಇರಬೇಕಾದ ಕಷ್ಟ ಬರುತ್ತದೆ. ನಮ್ಮ ಕಡೆ ಗೆಳತಿಯ ಮೂಲಕ ಹೇಳಿಸುವ ರೂಢಿಯೂ ಇದೆ. ಅದರಿಂದ ಉತ್ತರ ಬರುವ ಮೊದಲೇ ಗುಂಪಿನಲ್ಲಿ ಒಬ್ಬರು ಸಾಕ್ಷಿಯಾಗಿರುತ್ತಾರೆ, ಅಷ್ಟೇ.

ಕಳಿಸುವ ಮೊದಲು ಒಂದು ಹೋಲಿಕೆ ಮಾಡಿಕೊಳ್ಳಿ. ರಾತ್ರಿ ಹನ್ನೊಂದರವರೆಗೆ ಮಾತಾಡುತ್ತಾನೆ, ಹುಟ್ಟುಹಬ್ಬಕ್ಕೆ ಬಸ್ ಹತ್ತಿ ಬಂದ, ಜ್ವರ ಬಂದಾಗ ಎರಡೆರಡು ಸಲ ಫೋನ್ ಮಾಡಿದ ಎಂದು ನೀವು ಪಟ್ಟಿ ಕೊಟ್ಟಿದ್ದೀರಿ. ಇವೆಲ್ಲ ಒಳ್ಳೆಯ ಸ್ನೇಹದ ಲಕ್ಷಣಗಳೂ ಹೌದು. ಗುಂಪಿನ ಉಳಿದ ಮೂವರಿಗೆ ಅವರು ಇದರಲ್ಲಿ ಏನೇನನ್ನು ಮಾಡಿದ್ದಾರೆ ಎಂದು ನೋಡಿ. ಎಲ್ಲರಿಗೂ ಮಾಡಿದ್ದರೆ ಅದು ಅವರ ಸ್ವಭಾವ. ನಿಮಗೊಬ್ಬರಿಗೆ ಮಾತ್ರ ಮಾಡಿದ್ದರೂ ಅದು ಪ್ರೀತಿಯೆಂದು ಸಾಬೀತಾಗುವುದಿಲ್ಲ, ಕೇಳಲು ಯೋಗ್ಯವಾದ ಪ್ರಶ್ನೆ ಇದೆ ಎಂದಷ್ಟೇ ಆಗುತ್ತದೆ. ಅದಕ್ಕೆ ಎದುರಾದ ಸೂಚನೆಗಳನ್ನೂ ಮುಚ್ಚಿಡಬೇಡಿ: ತನಗೆ ಬಂದ ಹೆಣ್ಣುಗಳ ಫೋಟೋ ತೋರಿಸಿ ಯಾವುದೇ ಮುಜುಗರವಿಲ್ಲದೆ ನಿಮ್ಮ ಅಭಿಪ್ರಾಯ ಕೇಳುವ, ‘ನೀನು ನನ್ನ ತಂಗಿ ಇದ್ದಹಾಗೆ’ ಎಂದು ಬೇರೆಯವರ ಮುಂದೆ ಹೇಳುವ ಗೆಳೆಯ ಬಹುಮಟ್ಟಿಗೆ ಉತ್ತರವನ್ನು ಮೊದಲೇ ಕೊಟ್ಟಿದ್ದಾನೆ. ಅವರಿಗೆ ಈಗಾಗಲೇ ಒಬ್ಬರು ಇದ್ದರೆ, ಅಥವಾ ಮನೆಯಲ್ಲಿ ಯಾರೋ ಆಸ್ಪತ್ರೆಯಲ್ಲಿದ್ದು ಅವರು ನಿಮ್ಮನ್ನೇ ನೆಚ್ಚಿಕೊಂಡಿರುವ ಹೊತ್ತಾಗಿದ್ದರೆ, ಈ ಮಾತನ್ನು ಎತ್ತಬೇಡಿ.

ಇನ್ನು ಗಂಡು ನೋಡುವ ವಿಷಯ. ನಿಮ್ಮ ಎರಡು ಪುಟದಲ್ಲಿ ಹೆಚ್ಚು ಹಾನಿ ಮಾಡಬಹುದಾದದ್ದು ಇದೇ ಎಂದು ನನಗೆ ತೋರುತ್ತದೆ. ‘ಮುಂದಿನ ತಿಂಗಳು ದಾವಣಗೆರೆಯಿಂದ ನೋಡಲು ಬರುತ್ತಿದ್ದಾರೆ, ನೀನು ಏನಾದರೂ ಹೇಳದಿದ್ದರೆ ನಾನು ಹೂಂ ಅನ್ನಬೇಕಾಗುತ್ತೆ’ ಎಂದು ಬರೆದಿದ್ದೀರಿ. ಈ ಒಂದೇ ವಾಕ್ಯದಲ್ಲಿ ಎರಡು ಪ್ರಶ್ನೆಗಳು ಕೂಡಿಕೊಂಡಿವೆ. ನನ್ನ ಮೇಲೆ ನಿನಗೆ ಆ ಭಾವನೆ ಇದೆಯೇ ಎಂಬುದು ಒಂದು, ನನ್ನನ್ನು ಆ ಮದುವೆಯಿಂದ ಪಾರು ಮಾಡುತ್ತೀಯಾ ಎಂಬುದು ಇನ್ನೊಂದು. ಮೊದಲನೆಯದಕ್ಕೆ ‘ಇರಬಹುದು, ನೋಡೋಣ’ ಎನ್ನಬಹುದಾಗಿದ್ದ ಮನುಷ್ಯ ಎರಡನೆಯದನ್ನು ನೋಡಿ ಬೆದರುತ್ತಾನೆ, ಏಕೆಂದರೆ ಈಗ ಅವನ ‘ನೋಡೋಣ’ಕ್ಕೆ ತಾರೀಕು ಬಿದ್ದಿದೆ. ಇಲ್ಲವೇ ನಿಮ್ಮ ಮೇಲಿನ ಕರುಣೆಯಿಂದ ‘ಹೌದು’ ಎನ್ನುತ್ತಾನೆ. ಕರುಣೆಯ ‘ಹೌದು’ ಹೇಗಿರುತ್ತದೆಂದು ನಾನು ಹತ್ತಿರದಿಂದ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ನನ್ನಲ್ಲಿಗೆ ಬಂದಿದ್ದ ಒಬ್ಬ ತರುಣ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ಗೆಳತಿಯ ನಿಶ್ಚಿತಾರ್ಥ ತಪ್ಪಿಸಲೆಂದು ಒಪ್ಪಿಕೊಂಡು, ಐದು ತಿಂಗಳ ನಂತರ ಅವಳಿಗೆ ಸತ್ಯ ಹೇಳಲಾಗದೆ, ರಾತ್ರಿ ನಿದ್ದೆ ಬಾರದೆ ಬಂದಿದ್ದ. ಅಲ್ಲಿ ಪ್ರೀತಿಯೂ ಉಳಿಯಲಿಲ್ಲ, ಸ್ನೇಹವೂ ಉಳಿಯಲಿಲ್ಲ, ಅವಳ ಮನೆಯವರ ಕೋಪ ಮಾತ್ರ ಉಳಿಯಿತು.

ಆದ್ದರಿಂದ ದಾವಣಗೆರೆಯವರಿಗೆ ಏನು ಹೇಳಬೇಕೆಂಬುದನ್ನು ನಿಮ್ಮ ಗೆಳೆಯನ ಉತ್ತರಕ್ಕೆ ಗಂಟುಹಾಕದೆ, ಮೊದಲೇ ಬೇರೆಯಾಗಿ ತೀರ್ಮಾನಿಸಿ. ‘ಇನ್ನೊಂದು ಆರು ತಿಂಗಳು ನನಗೆ ಮದುವೆಯ ಮಾತು ಬೇಡಮ್ಮ’ ಎಂದು ತಾಯಿಗೆ ಹೇಳಲು ಸಾಧ್ಯವೇ ನೋಡಿ. ಸಾಧ್ಯವಾದರೆ ಅದನ್ನು ಮೊದಲು ಹೇಳಿ, ನಂತರ ಗೆಳೆಯನಿಗೆ ಬರೆಯಿರಿ. ಸಾಧ್ಯವಿಲ್ಲದಿದ್ದರೂ ಮೊದಲ ಮೆಸೇಜಿನಲ್ಲಿ ಅದನ್ನು ತರಬೇಡಿ. ಮುಚ್ಚಿಡಿ ಎಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಗಂಡು ನೋಡುತ್ತಿರುವುದು ಅವರಿಗೆ ಗೊತ್ತೇ ಇದೆಯೆಂದು ನೀವೇ ಬರೆದಿದ್ದೀರಿ. ಗೊತ್ತಿರುವುದನ್ನು ಗಡುವಾಗಿ ಮಾಡಬೇಡಿ ಎಂದಷ್ಟೇ ಹೇಳುತ್ತಿದ್ದೇನೆ.

ಈಗ ನಿಮ್ಮ ಮೆಸೇಜಿಗೆ ಬರೋಣ. ಅದರ ಮೊದಲ ಮುಕ್ಕಾಲು ಪುಟ ಕಾಲೇಜಿನ ನೆನಪುಗಳು: ಮೂರನೇ ಸೆಮಿಸ್ಟರಿನ ಲ್ಯಾಬು, ಜೋಗಕ್ಕೆ ಹೋದಾಗ ನೆನೆದ ಮಳೆ, ಅವರು ಕೊಡಿಸಿದ ಛತ್ರಿ. ಚೆನ್ನಾಗಿ ಬರೆದಿದ್ದೀರಿ. ಆದರೆ ಅವರು ಓದುವಾಗ ಏನಾಗುತ್ತದೆ ಎಂದು ಯೋಚಿಸಿ. ಎರಡನೇ ಸಾಲಿಗೇ ಇದು ಎತ್ತ ಹೋಗುತ್ತಿದೆಯೆಂದು ಅವರಿಗೆ ಗೊತ್ತಾಗಿರುತ್ತದೆ, ಉಳಿದದ್ದನ್ನು ಎದೆ ಹಿಡಿದುಕೊಂಡು ಓದುತ್ತಾರೆ, ಮತ್ತು ಆರು ವರ್ಷದ ಪ್ರತಿಯೊಂದು ಸಹಜ ಘಟನೆಗೂ ಹೊಸ ಅರ್ಥ ಬಂದುಬಿಡುತ್ತದೆ. ಛತ್ರಿ ಕೊಡಿಸಿದ್ದು ತಪ್ಪಾಯಿತೇನೋ ಎಂದು ಅವರಿಗೆ ಅನ್ನಿಸಿದರೆ, ಹಿಂದಿನ ಸ್ನೇಹವೂ ಕಲಕಿಹೋಗುತ್ತದೆ. ಉದ್ದದ ಇನ್ನೊಂದು ತೊಂದರೆ ಸಾಲದ್ದು: ಎರಡು ಪುಟ ಓದಿದವರಿಗೆ ಎರಡು ಪುಟದಷ್ಟೇ ಉತ್ತರಿಸಬೇಕೆಂಬ ಭಾರ ಬೀಳುತ್ತದೆ, ಅದು ಆಗದೆ ಉತ್ತರವೇ ನಿಂತುಹೋಗುತ್ತದೆ.

ನಾಲ್ಕು ವಾಕ್ಯಗಳಂತೂ ಯಾವ ರೂಪದಲ್ಲಿಯೂ ಇರಬಾರದು. ‘ನಿನಗೂ ಹೀಗೇ ಅನ್ನಿಸುತ್ತೆ ಅಂತ ನನಗೆ ಗೊತ್ತು’ ಎಂದು ಬರೆದಿದ್ದೀರಿ. ಅವರ ಮನಸ್ಸಿನ ಬಗ್ಗೆ ಅವರ ಪರವಾಗಿ ನೀವು ಹೇಳಿಕೆ ಕೊಟ್ಟಂತಾಗುತ್ತದೆ, ಈಗ ಅವರು ಇಲ್ಲವೆಂದರೆ ನಿಮ್ಮನ್ನು ನಿರಾಕರಿಸುವುದರ ಜೊತೆಗೆ ನಿಮ್ಮನ್ನು ಸುಳ್ಳಾಗಿಸಬೇಕು. ‘ನೀನಿಲ್ಲದೆ ನನ್ನ ಕೈಲಿ ಇರೋಕಾಗಲ್ಲ’ ಎಂಬುದು ಆ ಹೊತ್ತಿಗೆ ನಿಜವಾಗಿಯೇ ಅನ್ನಿಸಿರಬಹುದು, ಆದರೆ ಓದುವವರಿಗೆ ಅದು ಹೊಣೆಗಾರಿಕೆಯಾಗಿ ಕೇಳುತ್ತದೆ. ‘ದಯವಿಟ್ಟು ಸ್ನೇಹ ಮಾತ್ರ ಬಿಡಬೇಡ, ಪ್ರಾಮಿಸ್ ಮಾಡು’ ಎನ್ನುವುದು ಬಹಳ ಮಂದಿ ಬರೆಯುವ ಸಾಲು. ತಮಗೆ ಏನನ್ನಿಸುತ್ತದೆಂದು ಅವರಿಗೇ ತಿಳಿಯುವ ಮೊದಲೇ ಮಾತು ಕೊಡಿಸಿಕೊಳ್ಳುವುದು ಅದು, ಹಾಗೆ ಕೊಟ್ಟ ಮಾತು ಉಳಿಯುವುದೂ ಇಲ್ಲ. ಕೊನೆಯದಾಗಿ, ‘ಹೀಗೆ ಅನ್ನಿಸಿದ್ದೇ ನನ್ನ ತಪ್ಪು, ಕ್ಷಮಿಸು’ ಎಂಬ ಸಾಲು ನಿಮ್ಮನ್ನು ಸಮಾಧಾನಪಡಿಸುವ ಕೆಲಸವನ್ನೂ ಅವರ ತಲೆಗೆ ಕಟ್ಟುತ್ತದೆ. ‘ಅಯ್ಯೋ, ತಪ್ಪೇನಿಲ್ಲ ಬಿಡು’ ಎಂದು ಅವರು ಬರೆಯುತ್ತಾರೆ, ನೀವು ಅದನ್ನು ಅರ್ಧ ಒಪ್ಪಿಗೆಯೆಂದು ಓದಿಕೊಳ್ಳುತ್ತೀರಿ.

ಇವನ್ನೆಲ್ಲ ತೆಗೆದರೆ ಉಳಿಯುವುದು ಎಷ್ಟು? ನಾನು ಬರೆಯುವುದಾದರೆ ಇಷ್ಟು:

‘ಒಂದು ವಿಷಯ ಹೇಳಬೇಕಿತ್ತು, ನಿಧಾನಕ್ಕೆ ಓದು. ಕೆಲವು ತಿಂಗಳಿಂದ ನಿನ್ನ ಮೇಲೆ ನನಗೆ ಸ್ನೇಹಕ್ಕಿಂತ ಜಾಸ್ತಿ ಅನ್ನಿಸ್ತಿದೆ. ನಿನ್ನಿಂದ ಮುಚ್ಚಿಟ್ಟುಕೊಂಡು ಮೊದಲಿನ ಹಾಗೆ ಇರೋಕೆ ಕಷ್ಟ ಆಗ್ತಿದೆ, ಅದಕ್ಕೆ ಹೇಳ್ತಿದೀನಿ. ನಿನಗೂ ಹಾಗೆ ಅನ್ನಿಸಿದ್ರೆ ಮಾತಾಡೋಣ. ಇಲ್ಲ ಅಂದ್ರೆ “ಇಲ್ಲ” ಅಂತ ಒಂದು ಮಾತು ಸಾಕು, ಯಾಕೆ ಅಂತ ಕೇಳಲ್ಲ. ಇವತ್ತೇ ಹೇಳಬೇಕು ಅಂತಿಲ್ಲ.’

ಇದರಲ್ಲಿ ಮಾಹಿತಿ ಒಂದು, ಪ್ರಶ್ನೆ ಒಂದು. ಎಲ್ಲಕ್ಕಿಂತ ಮುಖ್ಯವಾಗಿ, ಅವರಿಗೆ ಹೇಳಲು ಕಷ್ಟವಾಗುವ ಆ ಪದವನ್ನು ನೀವೇ ಬರೆದು ಕೈಗೆ ಕೊಟ್ಟಿದ್ದೀರಿ. ಇದನ್ನು ಹಾಗೆಯೇ ನಕಲು ಮಾಡಬೇಡಿ. ಅವರು ಆರು ವರ್ಷ ನಿಮ್ಮ ಬರವಣಿಗೆ ಓದಿದವರು, ಪರರ ವಾಕ್ಯವನ್ನು ಕೂಡಲೇ ಗುರುತಿಸುತ್ತಾರೆ. ನೀವಿಬ್ಬರೂ ಬಳಸುವ ಕನ್ನಡದಲ್ಲಿಯೇ ಇರಲಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದು ರೂಢಿಯಾಗಿದ್ದರೆ ಹಾಗೆಯೇ ಇರಲಿ, ‘ಕಣೋ’ ಎನ್ನುವುದಾದರೆ ‘ಕಣೋ’ ಇರಲಿ. ನಿತ್ಯ ‘ಊಟ ಆಯ್ತಾ ಲೇ’ ಎನ್ನುವವರು ಏಕಾಏಕಿ ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂದು ಗ್ರಾಂಥಿಕವಾಗಿ ಬರೆದರೆ ಅದು ನಾಟಕದ ಮಾತಿನಂತೆ ಕೇಳುತ್ತದೆ. ಹಾಗೆಂದು ‘ನೀನಂದ್ರೆ ನಂಗಿಷ್ಟ’ ಎಂದಷ್ಟೇ ಬರೆದರೂ ಸಾಲದು, ಏಕೆಂದರೆ ನಮ್ಮ ಭಾಷೆಯಲ್ಲಿ ‘ಇಷ್ಟ’ ಮಸಾಲೆದೋಸೆಗೂ ಸಲ್ಲುತ್ತದೆ, ಗೆಳೆಯನಿಗೂ ಸಲ್ಲುತ್ತದೆ. ‘ನಂಗೂ ನೀನಂದ್ರೆ ಇಷ್ಟ ಕಣೇ’ ಎಂಬ ಉತ್ತರ ಬಂದರೆ ಅದು ಯಾವ ಇಷ್ಟವೆಂದು ತಿಳಿಯದೆ ಇನ್ನೊಂದು ತಿಂಗಳು ಕಳೆಯುತ್ತದೆ. ‘ಸ್ನೇಹಕ್ಕಿಂತ ಜಾಸ್ತಿ’ ಎಂಬ ಮಾತು ಅಷ್ಟೊಂದು ಸುಂದರವಲ್ಲ, ಆದರೆ ಅದಕ್ಕೆ ಎರಡರ್ಥವಿಲ್ಲ.

ಬರೆಯುವುದನ್ನು ಚಾಟ್ ಪೆಟ್ಟಿಗೆಯಲ್ಲಿ ಬರೆಯದೆ ಫೋನಿನ ಟಿಪ್ಪಣಿಯಲ್ಲಿ ಬರೆಯಿರಿ. ಕೈತಪ್ಪಿ ಹೋಗುವ ಭಯ ಒಂದು. ಹತ್ತು ನಿಮಿಷ ‘ಟೈಪಿಂಗ್’ ಎಂದು ಕಾಣಿಸಿಕೊಂಡು ಅವರು ‘ಏನೇ ಅದು, ಬೇಗ ಕಳ್ಸು’ ಎನ್ನುವುದು ಇನ್ನೊಂದು. ರಾತ್ರಿ ಬರೆದದ್ದನ್ನು ಎರಡು ಹಗಲು ದಾಟಿಸಿ, ಎರಡು ಹಗಲಿನಲ್ಲಿಯೂ ಓದಿ ಸರಿಯೆನಿಸಿದರೆ ಕಳಿಸಿ. ಕಳಿಸುವುದು ಅವರು ಒಬ್ಬರೇ ಇರುವ, ಮರುದಿನ ಬೆಳಿಗ್ಗೆ ಕೆಲಸಕ್ಕೆ ಓಡಬೇಕಿಲ್ಲದ ಹೊತ್ತಿನಲ್ಲಿ; ಶನಿವಾರ ಮಧ್ಯಾಹ್ನ ನನಗೆ ಸರಿಯೆನಿಸುತ್ತದೆ. ಅವರು ಊರಿಗೆ ಹೋಗಿ ತಾಯಿ–ತಂಗಿಯರ ನಡುವೆ ಇರುವಾಗ ಬೇಡ. ನಮ್ಮ ಮನೆಗಳಲ್ಲಿ ಫೋನು ಟೀಪಾಯಿಯ ಮೇಲೆ ಎಲ್ಲರ ಕಣ್ಣೆದುರು ಬಿದ್ದಿರುತ್ತದೆ, ಪರದೆಯ ಮೇಲೆ ಮೆಸೇಜಿನ ಮೊದಲ ಸಾಲು ಮಿನುಗುತ್ತದೆ. ನನ್ನ ಮಾದರಿಯ ಮೊದಲ ಸಾಲು ಅಷ್ಟು ಸಪ್ಪೆಯಾಗಿರುವುದು ಅದಕ್ಕೇ. ಕಳಿಸಿದ ಮೇಲೆ ತಿದ್ದಲು ವಾಟ್ಸಾಪ್ 15 ನಿಮಿಷ ಕೊಡುತ್ತದೆ, ಎಲ್ಲರಿಗೂ ಅಳಿಸಲು ಎರಡು ದಿನಕ್ಕಿಂತ ತುಸು ಹೆಚ್ಚು ಕೊಡುತ್ತದೆ. ಎರಡನ್ನೂ ಬಳಸಬೇಡಿ. ಅಳಿಸಿದರೂ ಅಳಿಸಿದ ಗುರುತು ಉಳಿಯುತ್ತದೆ, ಆ ಗುರುತು ಮೆಸೇಜಿಗಿಂತ ಹೆಚ್ಚು ಕಾಡುತ್ತದೆ. ಸ್ಕ್ರೀನ್‌ಶಾಟ್ ಬಗ್ಗೆ ನೀವು ಕೇಳದಿದ್ದರೂ ಹೇಳುತ್ತೇನೆ: ಗೊಂದಲದಲ್ಲಿ ಬಿದ್ದ ಒಳ್ಳೆಯವರೂ ಒಬ್ಬ ಆಪ್ತನಿಗೆ ತೋರಿಸಿ ಸಲಹೆ ಕೇಳುತ್ತಾರೆ. ಆ ಮೂರನೆಯವರು ಓದಿದರೂ ನಿಮಗೆ ನಾಚಿಕೆಯಾಗದಂಥ ಮೆಸೇಜಾಗಿದ್ದರೆ ಸಾಕು, ಮೇಲಿನದು ಹಾಗಿದೆ.

ಎರಡು ನೀಲಿ ಗೀಟು ಬಿದ್ದು ಉತ್ತರ ಬಾರದ ಹೊತ್ತು ಎಲ್ಲಕ್ಕಿಂತ ಕಷ್ಟದ್ದು. ‘ಇವತ್ತೇ ಹೇಳಬೇಕು ಅಂತಿಲ್ಲ’ ಎಂದು ನೀವೇ ಬರೆದಿದ್ದೀರಿ, ಆ ಮಾತಿಗೆ ಬೆಲೆ ಬರುವುದು ಈಗ. ‘ನೋಡಿದ್ಯಾ?’, ‘ಕೋಪಾನಾ?’, ‘ಸುಮ್ನೆ ತಮಾಷೆ ಮಾಡ್ದೆ ಬಿಡು’ ಎಂಬ ಮೂರೂ ಈ ಹೊತ್ತಿನಲ್ಲಿ ಹುಟ್ಟುವ ಮೆಸೇಜುಗಳು. ಮೂರನೆಯದು ಅತಿ ಕೆಟ್ಟದ್ದು, ಹೇಳಿದ್ದನ್ನು ಹೇಳಿಲ್ಲವೆಂದರೆ ಮುಂದೆ ನಿಮ್ಮ ಯಾವ ಮಾತನ್ನೂ ಅವರು ಹಾಗೆಯೇ ನಂಬಲಾರರು. ಒಂದು ವಾರ ಬಿಡಿ. ವಾರದ ನಂತರವೂ ಮೌನವಿದ್ದರೆ ಒಂದೇ ಒಂದು ಮೆಸೇಜು: ‘ಉತ್ತರ ಕೊಡಲೇಬೇಕು ಅಂತಿಲ್ಲ ಕಣೋ, ಇಲ್ಲ ಅಂತಲೇ ತಿಳ್ಕೊತೀನಿ. ನಾನು ಆರಾಮಾಗಿದೀನಿ.’ ಅಲ್ಲಿಗೆ ಮುಗಿಯಿತು, ಮತ್ತೆ ಕೇಳಬಾರದು. ‘ಟೈಮ್ ಬೇಕು’ ಎಂದರೆ ಎಷ್ಟು ಎಂದು ಕೇಳಬೇಡಿ, ಆದರೆ ನಿಮ್ಮೊಳಗೆ ಒಂದು ಮಿತಿ ಇಟ್ಟುಕೊಳ್ಳಿ. ಒಂದು ತಿಂಗಳು ದಾಟಿದ ‘ಟೈಮ್ ಬೇಕು’ ಸಾಮಾನ್ಯವಾಗಿ ದಾಕ್ಷಿಣ್ಯದ ‘ಇಲ್ಲ’ ಎಂದೇ ನನ್ನ ಅನುಭವ. ನಗೆ ಎಮೋಜಿ ಹಾಕಿ ‘ಏನೇ, ಬೆಳಿಗ್ಗೆಯೇ ಶುರು ಮಾಡಿದೀಯ’ ಎಂದರೆ, ಅವರಿಗೆ ತಮಾಷೆಯ ಬಾಗಿಲು ಬೇಕಾಗಿದೆ ಎಂದು ಅರ್ಥ. ‘ತಮಾಷೆ ಅಲ್ಲ, ನಿಜ. ಆದ್ರೆ ಅವಸರ ಇಲ್ಲ’ ಎಂದು ಒಮ್ಮೆ ಹೇಳಿ ಸುಮ್ಮನಾಗಿ. ‘ಹೌದು’ ಎಂದರೆ ನಿಮಗೆ ನನ್ನ ಸಲಹೆ ಬೇಕಾಗುವುದಿಲ್ಲ, ಬೇಗನೆ ಎದುರೆದುರು ಭೇಟಿಯಾಗಿ ಮಾತಾಡಿ ಎಂಬುದರ ಹೊರತು. ಎರಡು ಮನೆಗಳ ಮಾತು ಮೆಸೇಜಿನಲ್ಲಿ ಬಗೆಹರಿಯುವಂಥದ್ದಲ್ಲ.

‘ಇಲ್ಲ’ ಬಂದರೆ ಅದಕ್ಕೆ ಉತ್ತರ ಚಿಕ್ಕದಾಗಿರಲಿ: ‘ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್.’ ಕಾರಣ ಕೇಳುವುದಿಲ್ಲವೆಂದಿದ್ದೀರಿ, ಕೇಳಬೇಡಿ. ಇದಾದ ಮೇಲೆ ಬಹಳ ಮಂದಿ ಮಾಡುವ ತಪ್ಪೆಂದರೆ, ಅದೇ ರಾತ್ರಿಯಿಂದ ಮೊದಲಿನಂತೆಯೇ ಮಾತಾಡಿ ತಮಗೇನೂ ಆಗಿಲ್ಲವೆಂದು ತೋರಿಸುವುದು. ಹನ್ನೊಂದು ಗಂಟೆಯ ಆ ಮಾತೇ ಏಳೆಂಟು ತಿಂಗಳು ಈ ಭಾವನೆಗೆ ನೀರೆರೆದದ್ದು; ಅದನ್ನು ಮುಂದುವರಿಸಿದರೆ ಭಾವನೆ ಒಣಗುವುದಿಲ್ಲ, ಅವರು ಯಾವಾಗಲೋ ಮನಸ್ಸು ಬದಲಿಸಿಯಾರೆಂಬ ಆಸೆ ಒಳಗೊಳಗೇ ಬೆಳೆಯುತ್ತದೆ. ಅಂತರ ಬೇಕು, ಆದರೆ ಹೇಳಿ ತೆಗೆದುಕೊಳ್ಳಬೇಕು: ‘ಮೂರ್ನಾಲ್ಕು ವಾರ ಸ್ವಲ್ಪ ಕಡಿಮೆ ಮಾತಾಡ್ತೀನಿ, ಕೋಪ ಅಲ್ಲ, ನನಗೆ ಬೇಕು ಅಷ್ಟೇ.’ ಹೇಳದೆ ಮಾಯವಾದರೆ ಅದು ಅವರಿಗೆ ಶಿಕ್ಷೆಯಾಗಿ ಕಾಣುತ್ತದೆ. ಆ ವಾರಗಳಲ್ಲಿ ಐವರ ಗುಂಪಿನಲ್ಲಿ ಇದ್ದುಕೊಂಡೇ ಇರಿ; ಗುಂಪಿನ ಮಾತಿಗೆ ಉತ್ತರಿಸಿ, ಇಬ್ಬರ ಚಾಟಿಗೆ ಮಾತ್ರ ಬಿಡುವು ಕೊಡಿ. ಮನಸ್ಸು ಹಗುರ ಮಾಡಿಕೊಳ್ಳಲು ಒಬ್ಬರಿಗೆ ಹೇಳುವುದಾದರೆ ಗುಂಪಿನ ಹೊರಗಿನವರಿಗೆ ಹೇಳಿ, ಒಳಗಿನವರಿಗೆ ಹೇಳಿದರೆ ಅವರು ಇಬ್ಬರ ನಡುವೆ ಪಕ್ಷ ಹಿಡಿಯಬೇಕಾಗುತ್ತದೆ. ಊಟ ನಿದ್ದೆ ಎರಡು ವಾರಕ್ಕಿಂತ ಹೆಚ್ಚು ಕೆಟ್ಟರೆ ಆಪ್ತಸಮಾಲೋಚಕರನ್ನು ಕಾಣಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು, ಶುಲ್ಕವಿಲ್ಲ.

ಸ್ನೇಹ ಮರಳುತ್ತಿದೆಯೇ ಎಂದು ತಿಳಿಯಲು ನಾನು ಕೇಳುವ ಪ್ರಶ್ನೆ ಒಂದಿದೆ. ಅವರು ತಮಗೆ ಬಂದ ಸಂಬಂಧದ ವಿಷಯವನ್ನೋ, ಇಷ್ಟವಾದ ಇನ್ನೊಬ್ಬಳ ವಿಷಯವನ್ನೋ ಅಳುಕಿಲ್ಲದೆ ನಿಮ್ಮ ಮುಂದೆ ಎತ್ತಬಲ್ಲರೇ, ಕೇಳಿ ನಿಮಗೆ ಚುಚ್ಚಿದರೂ ಆ ರಾತ್ರಿ ಊಟ ಮಾಡಿ ಮಲಗಬಲ್ಲಿರಾ? ಇದಕ್ಕೆ ಮೂರು ತಿಂಗಳೂ ಹಿಡಿಯಬಹುದು, ಒಂದು ವರ್ಷವೂ ಹಿಡಿಯಬಹುದು. ಕೆಲವು ಸ್ನೇಹಗಳು ಮೊದಲಿನಷ್ಟು ಹತ್ತಿರಕ್ಕೆ ಬರದೆ, ಮದುವೆಗೆ ಕರೆಯುವ, ಹುಟ್ಟುಹಬ್ಬಕ್ಕೆ ಫೋನ್ ಮಾಡುವ ಸ್ನೇಹವಾಗಿ ನಿಲ್ಲುತ್ತವೆ. ಹಾಗೂ ಆಗಬಹುದೆಂದು ತಿಳಿದೇ ಕಳಿಸಬೇಕು.

ನಿಮ್ಮ ಆ ಎರಡು ಪುಟವನ್ನು ಅಳಿಸಬೇಡಿ. ಜೋಗದ ಮಳೆಯ ಭಾಗ ನಿಜಕ್ಕೂ ಚೆನ್ನಾಗಿದೆ. ಅವರು ‘ಹೌದು’ ಎಂದರೆ ಒಂದೆರಡು ವರ್ಷ ಬಿಟ್ಟು ಓದಲು ಕೊಡಿ.